ಎನ್‌ಕೋಡಿಂಗ್, ಎನ್‌ಕ್ರಿಪ್ಶನ್, ಹ್ಯಾಶಿಂಗ್: ಒಂದೇ ಪದವನ್ನು ಮೂರಕ್ಕೂ ಕೊಟ್ಟು ನೋಡಿದಾಗ

ಅರ್ಥವಾಗದ ಅಕ್ಷರಗಳ ಸಾಲು ಕಂಡ ತಕ್ಷಣ "ಇದು ಎನ್‌ಕ್ರಿಪ್ಟ್ ಆಗಿದೆ" ಅಂದುಬಿಡುವವರು ತುಂಬಾ ಜನ. ಹೊಸಬರ ಗೊಂದಲವೆಲ್ಲ ಶುರುವಾಗುವುದು ಅಲ್ಲಿಂದಲೇ. ಹಾಗಾಗಿ ಒಂದೇ ಪದವನ್ನು ಲಿನಕ್ಸ್ ಟರ್ಮಿನಲ್‌ನಲ್ಲಿ ಮೂರು ರೀತಿಯಲ್ಲೂ ಹಾಕಿ ಹೋಲಿಸಿದೆ. ಮೊದಲು ಬೇಸ್64 ಎನ್‌ಕೋಡಿಂಗ್:

```
echo -n hello | base64
aGVsbG8=
```

ಇದನ್ನು ಬಿಚ್ಚಲು `base64 -d` ಸಾಕು. ಪಾಸ್‌ವರ್ಡ್ ಬೇಡ, ಕೀಲಿ ಬೇಡ, ಯಾರು ಬೇಕಾದರೂ ಬಿಚ್ಚಬಹುದು. ಬರೀ ಅಕ್ಷರಗಳು ಮಾತ್ರ ದಾಟಬಲ್ಲ ದಾರಿಯಲ್ಲಿ ಫೋಟೋದಂಥ ಡೇಟಾವನ್ನೂ ಕೆಡದಂತೆ ಕಳಿಸುವುದಷ್ಟೇ ಇದರ ಕೆಲಸ. ಮುಚ್ಚಿಡುವುದು ಇದರ ಉದ್ದೇಶವೇ ಅಲ್ಲ. ಲಾಗಿನ್ ಆದಮೇಲೆ ಸಿಗುವ ಜೆಡಬ್ಲ್ಯೂಟಿ ಟೋಕನ್ ಸಾಮಾನ್ಯವಾಗಿ `eyJ` ಎಂದು ಶುರುವಾಗುತ್ತದಲ್ವಾ? `{"` ಆದಮೇಲೆ ಇಂಗ್ಲಿಷ್ ಅಕ್ಷರ ಬರುವ ಸಾಲಿನ ಬೇಸ್64 ರೂಪ ಶುರುವಾಗುವುದೇ ಹಾಗೆ. ಸಾಮಾನ್ಯ ಜೆಡಬ್ಲ್ಯೂಟಿಯಲ್ಲಿ ಇರುವುದು ಸಹಿ ಮಾತ್ರ. ಅದರೊಳಗಿನ ಮಾಹಿತಿಯನ್ನು ತಿದ್ದಿದರೆ ಸರ್ವರ್‌ಗೆ ಗೊತ್ತಾಗುತ್ತದೆ, ಆದರೆ ಓದುವುದನ್ನು ಯಾರೂ ತಡೆಯುವುದಿಲ್ಲ. ಅದರಲ್ಲಿ ಫೋನ್ ನಂಬರ್ ಇಡಬೇಡಿ.

ಈಗ ಎಇಎಸ್ ಎಂಬ ವಿಧಾನದಲ್ಲಿ ಎನ್‌ಕ್ರಿಪ್ಶನ್:

```
echo -n hello | openssl enc -aes-256-cbc -pbkdf2 -a
```

ಪಾಸ್‌ವರ್ಡ್ ಕೇಳುತ್ತದೆ, ಆಮೇಲೆ ಉದ್ದನೆಯ ಸಾಲು ಕೊಡುತ್ತದೆ. ಅದೇ ಪಾಸ್‌ವರ್ಡ್ ಕೊಟ್ಟು ಮತ್ತೆ ಓಡಿಸಿದರೂ ಬೇರೆ ಸಾಲೇ ಬರುತ್ತದೆ. ಪ್ರತಿ ಸಲ ಹೊಸ ಸಾಲ್ಟ್, ಅಂದರೆ ಯಾದೃಚ್ಛಿಕ ಬೈಟ್‌ಗಳು, ಸೇರುವುದೇ ಕಾರಣ. ಆದರೆ ಆರಂಭ ಮಾತ್ರ ಯಾವಾಗಲೂ `U2FsdGVkX1`. ಇದನ್ನು ನೋಡಿ "ಎಇಎಸ್ ಅಂದರೂ ಬೇಸ್64 ತರಾನೇ ಇದೆಯಲ್ಲ" ಅನ್ನಿಸುವುದು ಸಹಜ. ಕೊನೆಯ `-a` ಇದಕ್ಕೆ ಕಾರಣ. ಎನ್‌ಕ್ರಿಪ್ಟ್ ಆಗಿ ಬಂದ ಬೈಟ್‌ಗಳನ್ನು ಪರದೆಯ ಮೇಲೆ ತೋರಿಸಲು ಅದು ಬೇಸ್64ಗೆ ಬದಲಿಸುತ್ತದೆ. ಶುರುವಿನಲ್ಲಿರುವುದು `Salted__` ಎಂಬ ಗುರುತು. ಅಂದರೆ ಒಳಗೆ ಎನ್‌ಕ್ರಿಪ್ಶನ್, ಹೊರಗೆ ಎನ್‌ಕೋಡಿಂಗ್, ಎರಡೂ ಒಟ್ಟಿಗೇ ಇವೆ. `base64 -d` ಓಡಿಸಿದರೆ ಹೊರಪದರ ಮಾತ್ರ ಬಿಚ್ಚುತ್ತದೆ, `hello` ಸಿಗುವುದಿಲ್ಲ. ಅದು ಬೇಕೆಂದರೆ ಬಂದ ಸಾಲನ್ನು ಅದೇ `openssl` ಕಮಾಂಡ್‌ಗೆ `-d` ಸೇರಿಸಿ ಕಳಿಸಿ, ಅದೇ ಪಾಸ್‌ವರ್ಡ್ ಕೊಡಬೇಕು. ತಪ್ಪು ಪಾಸ್‌ವರ್ಡ್ ಕೊಟ್ಟರೆ ಹೆಚ್ಚಾಗಿ `bad decrypt` ಎನ್ನುತ್ತದೆ.

ಮೂರನೆಯದು ಹ್ಯಾಶಿಂಗ್:

```
echo -n hello | sha256sum
2cf24dba5fb0a30e26e83b2ac5b9e29e1b161e5c1fa7425e73043362938b9824
```

ಇಲ್ಲಿ ಕೀಲಿ ಇಲ್ಲ, ಬಿಚ್ಚುವ ಆಯ್ಕೆಯೂ ಇಲ್ಲ. ಐದಕ್ಷರ ಕೊಟ್ಟರೂ ಇಡೀ ಸಿನಿಮಾ ಫೈಲ್ ಕೊಟ್ಟರೂ ಬರುವುದು 64 ಅಂಕಿ-ಅಕ್ಷರಗಳೇ. ಅಷ್ಟರಲ್ಲಿ ಇಡೀ ಸಿನಿಮಾ ಹಿಡಿಯುವುದು ಹೇಗೆ ಸಾಧ್ಯ? `-n` ಬಿಟ್ಟು ಓಡಿಸಿದರೆ ಸಾಲು `5891b5b5` ಎಂದು ಶುರುವಾಗುತ್ತದೆ. `echo` ಕೊನೆಗೆ ಸೇರಿಸುವ, ಕಣ್ಣಿಗೆ ಕಾಣದ ಹೊಸಸಾಲಿನ ಒಂದು ಬೈಟ್ ಇಡೀ ಉತ್ತರವನ್ನೇ ಬದಲಿಸಿತು. ನಿಮ್ಮ ಹ್ಯಾಶ್ ಬೇರೆಯವರದ್ದಕ್ಕೆ ಹೊಂದದಿದ್ದರೆ ಮೊದಲು ಇದನ್ನೇ ನೋಡಿ.

"ಹ್ಯಾಶ್ ಡಿಕ್ರಿಪ್ಟ್ ಮಾಡಿಕೊಡುತ್ತೇವೆ" ಎನ್ನುವ ಸೈಟ್‌ಗಳು ಏನನ್ನೂ ಬಿಚ್ಚುವುದಿಲ್ಲ. ಮೊದಲೇ ಲೆಕ್ಕ ಹಾಕಿಟ್ಟ ಪಟ್ಟಿಯಲ್ಲಿ ಹುಡುಕುತ್ತವೆ ಅಷ್ಟೇ. `hello` ಪಟ್ಟಿಯಲ್ಲಿ ಇರುವುದರಿಂದ ಸಿಗುತ್ತದೆ.

ಹಾಗಾದರೆ ಬಳಕೆದಾರರ ಪಾಸ್‌ವರ್ಡ್ ಉಳಿಸಿಡಲು ಯಾವುದು? ಎನ್‌ಕ್ರಿಪ್ಶನ್ ಅನ್ನುವವರು ಅಡೋಬಿಯ 2013ರ ಸೋರಿಕೆಯನ್ನು ನೋಡಬೇಕು. ಅಲ್ಲಿ ಪಾಸ್‌ವರ್ಡ್‌ಗಳನ್ನು ಹ್ಯಾಶ್ ಮಾಡಿರಲಿಲ್ಲ, ಟ್ರಿಪಲ್ ಡಿಇಎಸ್ ಎಂಬ ವಿಧಾನದಲ್ಲಿ ಎನ್‌ಕ್ರಿಪ್ಟ್ ಮಾಡಿದ್ದರು. ಅದೂ ಸಾಲ್ಟ್‌ನಂಥದ್ದೇನೂ ಸೇರಿಸದ ಇಸಿಬಿ ರೀತಿಯಲ್ಲಿ. ಒಂದೇ ಪಾಸ್‌ವರ್ಡ್ ಇಟ್ಟ ಎಲ್ಲರಿಗೂ ಒಂದೇ ಸಾಲು ಬಂದಿತ್ತು. ಪಕ್ಕದಲ್ಲೇ ಪಾಸ್‌ವರ್ಡ್ ಸುಳಿವುಗಳು ಮಾಮೂಲಿ ಅಕ್ಷರಗಳಲ್ಲೇ ಇದ್ದವು. ಒಂದೇ ಸಾಲಿನವರ ಸುಳಿವುಗಳನ್ನೆಲ್ಲ ಒಟ್ಟಿಗೆ ಓದಿ, ಕೀಲಿ ಇಲ್ಲದೆಯೇ ಜನ ಪಾಸ್‌ವರ್ಡ್‌ಗಳನ್ನು ಊಹಿಸಿದರು.

ಬರೀ ಎಸ್‌ಎಚ್‌ಎ-256 ಕೂಡ ನನ್ನ ಆಯ್ಕೆಯಲ್ಲ. ಅದು ತುಂಬಾ ವೇಗ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ನೂರಾರು ಕೋಟಿ ಊಹೆಗಳನ್ನು ಪರೀಕ್ಷಿಸಬಲ್ಲದು. ಪಾಸ್‌ವರ್ಡ್‌ಗೆ ಬೇಕೆಂದೇ ನಿಧಾನ ಮಾಡಿದ ಬಿಕ್ರಿಪ್ಟ್ ಅಥವಾ ಆರ್ಗಾನ್2 ಎಂಬ ಹ್ಯಾಶಿಂಗ್ ವಿಧಾನ ಬೇಕು. ಬಿಕ್ರಿಪ್ಟ್‌ನ ಸಾಲು `$2b$12$` ಎಂದು ಶುರುವಾಗಿದ್ದರೆ, ಆ 12 ಅದರ ಶ್ರಮದ ಮಟ್ಟ. ಒಂದು ಹೆಚ್ಚಿಸಿದರೆ ಕೆಲಸ ಎರಡು ಪಟ್ಟು. ಸಾಲ್ಟ್ ಅದರೊಳಗೇ ಇರುತ್ತದೆ, ಬೇರೆ ಕಾಲಂ ಬೇಡ.

ಕನ್ನಡದಲ್ಲಿ ಪಾಸ್‌ವರ್ಡ್ ಇಡುವವರು ಒಂದು ಮಿತಿ ತಿಳಿದಿರಬೇಕು. ಬಿಕ್ರಿಪ್ಟ್ ಗಮನಿಸುವುದು ಮೊದಲ 72 ಬೈಟ್‌ಗಳನ್ನು ಮಾತ್ರ. ಯುಟಿಎಫ್-8 ಎನ್‌ಕೋಡಿಂಗ್‌ನಲ್ಲಿ "ಕ" ಮೂರು ಬೈಟ್, "ಕ್ಕ" ಒಂಬತ್ತು ಬೈಟ್. ಒತ್ತಕ್ಷರ ಜಾಸ್ತಿ ಇರುವ ಉದ್ದದ ಸಾಲಾದರೆ ಹತ್ತು ಹನ್ನೆರಡು ಅಕ್ಷರಕ್ಕೇ ಮಿತಿ ಮುಗಿಯಬಹುದು. ಆಮೇಲಿನದನ್ನು ಕೆಲವು ಲೈಬ್ರರಿಗಳು ಸದ್ದಿಲ್ಲದೆ ಬಿಟ್ಟುಬಿಡುತ್ತವೆ, ಕೆಲವು ದೋಷ ತೋರಿಸುತ್ತವೆ. ನಿಮ್ಮದು ಏನು ಮಾಡುತ್ತದೆಂದು ಮಿತಿ ದಾಟಿದ ಪಾಸ್‌ವರ್ಡ್ ಇಟ್ಟು, ಕೊನೆಯ ಅಕ್ಷರ ಬದಲಿಸಿ ಲಾಗಿನ್ ಆಗಿ ನೋಡಿದರೆ ಗೊತ್ತಾಗುತ್ತದೆ.