ಒಂದೇ ಡ್ರಾಕುಲಾ, ಮೂರು ಓದು: ಪತ್ರ, ಡೈರಿಗಳ ಕಾದಂಬರಿಯಲ್ಲಿ ಇಲ್ಲದ್ದು ಎಲ್ಲಿ ಕಾಣುತ್ತದೆ?

ಜೂನ್ 30ರ ಬೆಳಿಗ್ಗೆ, ಡ್ರಾಕುಲಾನ ಕೋಟೆಯಲ್ಲಿ ಸೆರೆಸಿಕ್ಕ ಜೊನಾಥನ್ ಹಾರ್ಕರ್ ಅಲ್ಲಿನ ತನ್ನ ಡೈರಿಯ ಕೊನೆಯ ಸಾಲು ಬರೆಯುತ್ತಾನೆ. ಕೋಟೆಯ ಗೋಡೆ ಹಿಡಿದು ಕೆಳಗೆ ಇಳಿಯಲು ನೋಡುತ್ತೇನೆ ಎನ್ನುತ್ತಾನೆ. ತಾನು ಮದುವೆಯಾಗಬೇಕಿದ್ದ ಮೀನಾಳ ಹೆಸರು ಕರೆದು ನಿಲ್ಲಿಸುತ್ತಾನೆ. ಅವನು ಹೇಗೆ ಇಳಿದ, ಕಾಡು ಹೇಗೆ ದಾಟಿದ, ಏನು ತಿಂದ? ಬ್ರಾಮ್ ಸ್ಟೋಕರ್ 1897ರಲ್ಲಿ ಪ್ರಕಟಿಸಿದ ಈ ಕಾದಂಬರಿಯಲ್ಲಿ ಎಲ್ಲೂ ಇಲ್ಲ. ಇಡೀ ಪುಸ್ತಕ ಪತ್ರ, ಡೈರಿ, ಟೆಲಿಗ್ರಾಂ, ಪತ್ರಿಕೆಯ ತುಣುಕುಗಳಿಂದಲೇ ಆಗಿದೆ. ಗೋಡೆ ಇಳಿಯುವವನ ಕೈಯಲ್ಲಿ ಪೆನ್ಸಿಲ್ ಇರುವುದಿಲ್ಲ. ಆದ್ದರಿಂದ ಆ ಭಾಗವೂ ಇಲ್ಲ.

ಇದನ್ನು ನಾನು ಮೊದಲ ಓದಿನಲ್ಲಿ ಗಮನಿಸಲೇ ಇಲ್ಲ. ಮೂಡಿಗೆರೆ ಹತ್ತಿರದ ನಮ್ಮ ಮನೆಯಲ್ಲಿ ಎರಡು ವರ್ಷದಲ್ಲಿ ಈ ಪುಸ್ತಕವನ್ನು ಮೂರು ಥರ ಓದಿದೆ. ಮೊದಲು ಪುಟದ ಕ್ರಮದಲ್ಲಿ. ಆಮೇಲೆ ತಾರೀಖಿನ ಪ್ರಕಾರ, ಆಯಾ ದಿನದ ಬರಹವನ್ನು ಆಯಾ ದಿನವೇ. ಕೊನೆಗೆ ಬರೆದವರ ಪ್ರಕಾರ, ಒಬ್ಬೊಬ್ಬರದನ್ನೇ ಬೇರೆ ಮಾಡಿ. ಯಾವ ಓದಿನಲ್ಲಿ ಏನು ಸಿಕ್ಕಿತು ಅಂತ ಹೇಳುತ್ತೇನೆ. ಕಥೆಯ ಕೆಲವು ತಿರುವುಗಳು ಇಲ್ಲಿ ಬರುತ್ತವೆ, ಕೊನೆಯನ್ನು ಮಾತ್ರ ಬಿಟ್ಟಿದ್ದೇನೆ.

ಪುಟದ ಕ್ರಮದ ಓದು ಹತ್ತು ದಿನದಲ್ಲಿ ಮುಗಿಯಿತು. ಕಥೆ ಎಳೆದುಕೊಂಡು ಹೋಗುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸ್ಟೋಕರ್ ಇಲ್ಲಿ ಒಂದು ಜಾಣ ಕೆಲಸ ಮಾಡಿದ್ದಾರೆ. ಮೊದಲ ನಾಲ್ಕು ಅಧ್ಯಾಯ ಪೂರ್ತಿ ಜೊನಾಥನ್‌ನ ಡೈರಿ. ಅದು ಜೂನ್ 30ಕ್ಕೆ ನಿಂತ ತಕ್ಷಣ ಐದನೇ ಅಧ್ಯಾಯ ಹಿಂದಕ್ಕೆ ಹಾರಿ ಮೇ 9ಕ್ಕೆ ಹೋಗುತ್ತದೆ. ಮೀನಾ ತನ್ನ ಗೆಳತಿ ಲೂಸಿಗೆ ಬರೆದ ಹಗುರವಾದ ಪತ್ರ ಅದು. ಲೂಸಿಯ ಮದುವೆ ಮಾತು, ಹುಚ್ಚಾಸ್ಪತ್ರೆಯ ಡಾಕ್ಟರ್ ಸೀವರ್ಡ್ ಅವರ ಡೈರಿ ಎಲ್ಲ ಒಂದೊಂದಾಗಿ ಬರುತ್ತವೆ. ನಾವು ಹೊಸ ಜನರ ಪರಿಚಯ ಮಾಡಿಕೊಳ್ಳುತ್ತಾ ಕೂರುತ್ತೇವೆ. ಎಂಟನೇ ಅಧ್ಯಾಯದಲ್ಲಿ ಬುಡಾಪೆಸ್ಟ್‌ನ ಆಸ್ಪತ್ರೆಯಿಂದ ಸಿಸ್ಟರ್ ಅಗಾಥಾ ಅವರ ಪತ್ರ ಬರುತ್ತದೆ. ಜೊನಾಥನ್ ಸುಮಾರು ಆರು ವಾರದಿಂದ ಜ್ವರದಲ್ಲಿ ಮಲಗಿದ್ದಾನೆ ಅಂತ. ‘ಅಬ್ಬಾ, ಬದುಕಿದ್ದಾನೆ’ ಅಂದುಕೊಂಡು ನಾನು ಪುಟ ತಿರುಗಿಸಿದೆ. ಮಧ್ಯೆ ಏನೋ ಕಾಣೆಯಾಗಿದೆ ಅನ್ನಿಸಲೇ ಇಲ್ಲ.

ಎರಡನೇ ಓದಿಗೆ ಸ್ವಲ್ಪ ತಯಾರಿ ಬೇಕು. ಪ್ರತಿ ಬರಹದ ತಾರೀಖನ್ನು ಒಂದೊಂದು ಚೀಟಿಯಲ್ಲಿ ಪುಟದ ಸಂಖ್ಯೆಯ ಜೊತೆ ಬರೆದೆ. ಆಮೇಲೆ ಚೀಟಿಗಳನ್ನು ತಿಂಗಳ ಪ್ರಕಾರ ಜೋಡಿಸಿದೆ. ಪುಸ್ತಕದ ದಿನಗಳು ಮೇ 3ಕ್ಕೆ ಶುರುವಾಗಿ ನವೆಂಬರ್ 6ಕ್ಕೆ ಮುಗಿಯುತ್ತವೆ. ನಾನೂ ಮೇ 3ಕ್ಕೇ ಶುರುಮಾಡಿದೆ. ಆಗ ನಮ್ಮಲ್ಲಿ ತೋಟದ ನೆರಳಿನ ಮರಗಳ ಕೊಂಬೆ ಸವರುವ ಮರಗಸಿ ನಡೆಯುತ್ತಿತ್ತು. ಜೂನ್ 30 ಬರುವ ಹೊತ್ತಿಗೆ ಮಳೆ ಹಿಡಿದಿತ್ತು, ಕರೆಂಟ್ ಹೋಗಿ ಎರಡು ದಿನವಾಗಿತ್ತು. ಕಿಟಕಿಯ ಹತ್ತಿರ ಕೂತು ಗೋಡೆ ಇಳಿಯುವ ಆ ಪುಟ ಓದಿ ಮುಚ್ಚಿಟ್ಟೆ.

ಆಮೇಲೆ ಜೊನಾಥನ್‌ನಿಂದ ಏನೂ ಇಲ್ಲ. ಜುಲೈ ಪೂರ್ತಿ ಇಲ್ಲ. ಸಿಸ್ಟರ್ ಅಗಾಥಾ ಪತ್ರದ ತಾರೀಖು ಆಗಸ್ಟ್ 12. ನಲವತ್ಮೂರು ದಿನ! ಮೊದಲ ಓದಿನಲ್ಲಿ ಎರಡು ಸಂಜೆಯಲ್ಲಿ ದಾಟಿದ್ದನ್ನು ಈ ಸಲ ಪುನರ್ವಸು, ಪುಷ್ಯ ಮಳೆ ಮುಗಿದು ಆಶ್ಲೇಷಾ ಹಿಡಿಯುವವರೆಗೆ ಕಾದೆ. ಆ ಪತ್ರದಲ್ಲೂ ಸಿಕ್ಕುವುದು ಬಹಳ ಸ್ವಲ್ಪ. ಅವನು ಕ್ಲೌಸೆನ್‌ಬರ್ಗ್‌ನ ರೈಲ್ವೆ ಸ್ಟೇಷನ್ನಿಗೆ ಓಡಿಬಂದು ಊರಿಗೆ ಟಿಕೆಟ್ ಕೊಡಿ ಅಂತ ಕೂಗಿದನಂತೆ. ಕೋಟೆಯ ಗೋಡೆಗೂ ಆ ಸ್ಟೇಷನ್ನಿಗೂ ಮಧ್ಯೆ ಏನಾಯಿತು ಅಂತ ಅವರಿಗೂ ಗೊತ್ತಿಲ್ಲ.

ಈ ಓದಿನಲ್ಲೇ ನನಗೆ ಒಂದು ಸುಳ್ಳು ಪತ್ರದ ವಿಷಯ ಬಿಡಿಸಿಕೊಂಡಿತು. ಮೇ 19ರಂದು ಡ್ರಾಕುಲಾ ಜೊನಾಥನ್ ಕೈಯಲ್ಲಿ ಮೂರು ಪತ್ರ ಬರೆಸುತ್ತಾನೆ. ಕೆಲಸ ಮುಗಿಯುತ್ತಾ ಬಂತು, ನಾಳೆ ಹೊರಡುತ್ತೇನೆ, ಹೊರಟಾಯಿತು ಎಂಬ ಥರದ ಮೂರು ಪತ್ರ. ತಾರೀಖು ಏನು ಹಾಕಬೇಕು ಅಂತಲೂ ಅವನೇ ಹೇಳುತ್ತಾನೆ: ಜೂನ್ 12, ಜೂನ್ 19, ಜೂನ್ 29. ತನಗೆ ಎಷ್ಟು ದಿನ ಆಯುಷ್ಯ ಉಳಿದಿದೆ ಅಂತ ಜೊನಾಥನ್‌ಗೆ ಗೊತ್ತಾಗುವುದು ಆಗಲೇ. ಜುಲೈ 26ರ ಮೀನಾ ಡೈರಿಗೆ ಬನ್ನಿ. ಜೊನಾಥನ್‌ನಿಂದ ಒಂದೇ ಸಾಲಿನ ಪತ್ರ ಬಂದಿದೆ, ಈಗ ಹೊರಡುತ್ತಿದ್ದೇನೆ ಅಂತ ಇದೆ, ಇದು ಅವನ ಥರ ಇಲ್ಲ ಎಂದು ಅವಳು ಬರೆಯುತ್ತಾಳೆ. ನನ್ನ ಲೆಕ್ಕದಲ್ಲಿ ಅದು ಆ ಎರಡನೇ ಪತ್ರವೇ. ಬರೆದದ್ದು ಮೇ 19, ತಲೆಯ ಮೇಲಿರುವುದು ಜೂನ್ 19, ಮೀನಾಳ ಡೈರಿಗೆ ಬಂದದ್ದು ಜುಲೈ 26. ಒಂದು ಚೀಟಿಗೆ ಮೂರು ತಾರೀಖು. ಈ ಚೀಟಿಯನ್ನು ಎಲ್ಲಿ ಇಡಬೇಕು ಅಂತ ಅರ್ಧ ಗಂಟೆ ಯೋಚಿಸಿದೆ. ಪತ್ರಗಳ ಕಾದಂಬರಿಯಲ್ಲಿ ನಾವು ನಂಬುವುದೇ ಮೇಲಿನ ತಾರೀಖು, ಊರು ನೋಡಿ ಅಲ್ವಾ? ಅದನ್ನೇ ಸುಳ್ಳು ಮಾಡಿಬಿಟ್ಟರೆ ಕಾಗದದೊಳಗೆ ಅದನ್ನು ಹಿಡಿಯುವ ದಾರಿ ಇಲ್ಲ. ‘ಅವನ ಥರ ಇಲ್ಲ’ ಎಂಬ ಮೀನಾಳ ಅನುಮಾನ ಒಂದೇ ದಾರಿ.

ತಾರೀಖಿನ ಓದಿಗೆ ಒಂದು ತೊಡಕೂ ಇದೆ. ಬರೆದ ದಿನಕ್ಕೆ ಓದಬೇಕೋ, ಕೈಸೇರಿದ ದಿನಕ್ಕೋ? ಸಿಸ್ಟರ್ ಪತ್ರ ಬರೆದದ್ದು 12ಕ್ಕೆ, ಮೀನಾ ತನ್ನ ಡೈರಿಯಲ್ಲಿ ಸುದ್ದಿ ಬಂತು ಅಂತ ಕುಣಿಯುವುದು 19ಕ್ಕೆ. ಪುಸ್ತಕದಲ್ಲಿ ಪತ್ರ ಆ 19ರ ಜೊತೆಯಲ್ಲೇ ಇದೆ. ನಾನು ಬರೆದ ದಿನಕ್ಕೆ ಓದಿದೆ. ಹಾಗಾಗಿ ಒಂದು ವಾರ ನನಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಆ ವಾರದಲ್ಲಿ ಅವಳ ಡೈರಿ ಓದುವುದು ಸಂಕಟವಾಯಿತು. ಆದರೆ ಡ್ರಾಕುಲಾನನ್ನು ಹೊತ್ತು ಇಂಗ್ಲೆಂಡಿಗೆ ಬರುವ ಡೆಮೆಟರ್ ಹಡಗಿನ ದಿನಚರಿಯಲ್ಲಿ ಇದೇ ನಿಯಮ ಕೆಟ್ಟಿತು. ಅದು ಜುಲೈ 6ರಿಂದ ಆಗಸ್ಟ್ 4ರವರೆಗೆ ಬರೆದದ್ದು. ಪುಸ್ತಕದಲ್ಲಿ ಕಾಣುವುದು ಹಡಗು ವಿಟ್ಬಿ ದಡಕ್ಕೆ ಬಡಿದ ಮೇಲೆ, ಆಗಸ್ಟ್ 8ರ ಪತ್ರಿಕೆಯಲ್ಲಿ. ಅದೂ ರಷ್ಯಾ ಕಾನ್ಸುಲ್‌ನ ಗುಮಾಸ್ತ ಬಾಯಲ್ಲಿ ಅನುವಾದ ಮಾಡಿ ಹೇಳಿದ್ದನ್ನು ವರದಿಗಾರ ಬರೆದುಕೊಂಡದ್ದು, ಹಡಗಿನ ಕೆಲಸದ ವಿವರ ಬಿಟ್ಟು. ಬರೆದ ದಿನಗಳಲ್ಲೇ ದಿನಕ್ಕಿಷ್ಟು ಓದಿದ್ದರಿಂದ ಆಗಸ್ಟ್ 8ಕ್ಕೆ ಸತ್ತ ಕ್ಯಾಪ್ಟನ್ ಚುಕ್ಕಾಣಿಗೆ ಕಟ್ಟಿಕೊಂಡೇ ಬಂದದ್ದು ನನಗೆ ಹೊಸದಾಗಿರಲಿಲ್ಲ. ಇಲ್ಲಿ ಪುಸ್ತಕದ ಕ್ರಮವೇ ಮೇಲು.

ಈ ಮಧ್ಯೆ ಮನೆಯಲ್ಲಿ ನಮ್ಮ ಅಜ್ಜನ ತೋಟದ ಡೈರಿಗಳನ್ನು ತೆಗೆದೆ. ಮಳೆ ಇಂಚು, ಸೆಂಟ್ಸ್ ಲೆಕ್ಕ, ಆಳಿನ ಲೆಕ್ಕ, ಗೊಬ್ಬರದ ಲೆಕ್ಕ. ಅಜ್ಜಿ ತೀರಿಕೊಂಡದ್ದು ಒಂದು ಜುಲೈಯಲ್ಲಿ. ಆ ದಿನದ ಪುಟದಲ್ಲಿ ‘ಮಳೆ 4-10. ಕೆಲಸ ಇಲ್ಲ’ ಅಂತ ಇದೆ. ಅಷ್ಟೇ. ಆದರೆ ಮುಂದಿನ ಹನ್ನೊಂದು ದಿನ ಮಳೆಯ ಕಾಲಮ್ ಖಾಲಿ. ಮೂಡಿಗೆರೆ ಕಡೆ ಜುಲೈಯಲ್ಲಿ ಹನ್ನೊಂದು ದಿನ ಮಳೆ ಬಾರದೇ ಇರುತ್ತದೆಯೇ? ಅಜ್ಜ ಮಳೆ ಅಳೆದಿರಲಿಲ್ಲ. ಬೇರೆ ಯಾವ ವರ್ಷದಲ್ಲೂ ಅಂಥ ಖಾಲಿ ಇಲ್ಲ. ಆ ಮನೆಯಲ್ಲಿ ಏನಾಯಿತು ಅಂತ ಹೇಳುವುದು ಆ ಖಾಲಿ ಜಾಗ. ಅಲ್ಲಿಂದ ಕಾದಂಬರಿಯಲ್ಲೂ ಖಾಲಿ ದಿನಗಳನ್ನು ಗುರುತು ಹಾಕುತ್ತಾ ಹೋದೆ.

ಮೂರನೇ ಓದು, ಬರೆದವರ ಪ್ರಕಾರ. ಇದು ಕಥೆಗಾಗಿ ಓದುವವರಿಗಲ್ಲ. ಬಣ್ಣದ ಚೀಟಿ ಅಂಟಿಸಿ, ಒಂದು ವಾರ ಬರೀ ಸೀವರ್ಡ್, ಒಂದು ವಾರ ಬರೀ ಮೀನಾ. ಪುಟಗಳು ಯಾರ ಪಾಲಿಗೆ ಎಷ್ಟು ಅಂತ ಇಲ್ಲಿ ಕಣ್ಣಿಗೆ ಹೊಡೆಯುತ್ತದೆ. ಡ್ರಾಕುಲಾನ ಬಣ್ಣದ ಚೀಟಿ ಎರಡೇ. ಜೊನಾಥನ್‌ಗೆ ಹೋಟೆಲಿನಲ್ಲಿ ಸಿಗುವ ಸ್ವಾಗತದ ಪತ್ರ, ಮತ್ತು ಊಟದ ಮೇಜಿನ ಮೇಲೆ ಇಟ್ಟುಹೋದ ಒಂದು ಸಣ್ಣ ಕಾರ್ಡ್. ಎರಡೂ ಜೊನಾಥನ್ ತನ್ನ ಡೈರಿಯಲ್ಲಿ ಇಳಿಸಿಕೊಂಡದ್ದರಿಂದ ಉಳಿದವು.

ಅದಕ್ಕಿಂತ ನನ್ನನ್ನು ಕಾಡಿದ್ದು ಲೂಸಿ. ಆಗಸ್ಟ್ 10ರ ರಾತ್ರಿ ಅವಳು ನಿದ್ದೆಯಲ್ಲಿ ಎದ್ದುಹೋಗಿ ಸ್ಮಶಾನದ ಬೆಂಚಿನ ಮೇಲೆ ಸಿಗುತ್ತಾಳೆ. ಕೇಡು ಶುರುವಾಗುವುದೇ ಅಲ್ಲಿ. ಆ ರಾತ್ರಿಯನ್ನು ಬರೆದದ್ದು ಪೂರ್ತಿ ಮೀನಾ. ಲೂಸಿಯ ಚೀಟಿಗಳು ಮೇ ತಿಂಗಳ ಪತ್ರಗಳಾದ ಮೇಲೆ ಬರುವುದು ಆಗಸ್ಟ್ 24ಕ್ಕೆ, ಅವಳು ಮನೆಗೆ ವಾಪಸ್ ಬಂದು, ಮೀನಾಳ ಹಾಗೆ ನಾನೂ ಬರೆದಿಡಬೇಕು ಅಂದುಕೊಂಡಾಗ. ಅಲ್ಲೂ ಆ ರಾತ್ರಿಯ ವಿವರ ಇಲ್ಲ. ಮೈಮೇಲೆ ಎಲ್ಲ ನಡೆದುಹೋದ ಹೆಂಗಸಿನ ಸ್ವಂತ ಬರಹ ಆ ಎರಡು ವಾರದಲ್ಲಿ ಒಂದು ಸಾಲೂ ಇಲ್ಲ. ಸುಮ್ನೆ ಓದುತ್ತಾ ಹೋದರೆ ಮೀನಾಳ ಪ್ರೀತಿಯ ಬರಹ ಆ ಜಾಗವನ್ನು ತುಂಬಿಬಿಡುತ್ತದೆ, ಕೊರತೆ ಕಾಣುವುದಿಲ್ಲ.

ಇನ್ನೊಂದು, ದನಿ. ಸೀವರ್ಡ್ ಡೈರಿ ಬರೆಯುವುದಿಲ್ಲ, ಫೋನೋಗ್ರಾಫಿನ ಮೇಣದ ಸಿಲಿಂಡರಿಗೆ ಹೇಳುತ್ತಾರೆ. ಹದಿನೇಳನೇ ಅಧ್ಯಾಯದಲ್ಲಿ ಮೀನಾ ಅದನ್ನು ಕೇಳಿ ಟೈಪ್ ಮಾಡುತ್ತಾಳೆ. ಈ ದನಿಯಲ್ಲಿ ನಿಮ್ಮ ಎದೆಯ ನೋವು ಕೇಳಿಸುತ್ತದೆ, ಇದನ್ನು ಇನ್ನು ಯಾರೂ ಕೇಳಬಾರದು, ಅದಕ್ಕೇ ಮಾತನ್ನು ಮಾತ್ರ ಟೈಪ್ ಮಾಡಿದ್ದೇನೆ ಎಂಬ ಅರ್ಥದಲ್ಲಿ ಅವರಿಗೆ ಹೇಳುತ್ತಾಳೆ. ಎರಡು ಸಲ ಓದಿದಾಗಲೂ ಇದನ್ನು ದಾಟಿಹೋಗಿದ್ದೆ. ಸೀವರ್ಡ್ ಪುಟಗಳನ್ನು ಒಂದೇ ಉಸಿರಿಗೆ ಓದಿದಾಗ ಗೊತ್ತಾಯಿತು, ನಾನು ಓದುತ್ತಿರುವುದು ದನಿ ತೆಗೆದುಹಾಕಿದ ಮಾತು. ತೆಗೆದವಳು ಮರುಕದಿಂದಲೇ ತೆಗೆದಳು. ಪುಸ್ತಕದ ಮೊದಲ ಪುಟದ ಟಿಪ್ಪಣಿಯಲ್ಲೇ, ಬೇಡದ್ದನ್ನೆಲ್ಲ ಬಿಟ್ಟಿದ್ದೇವೆ ಅಂತ ಇದೆ. ಬೇಡದ್ದು ಯಾವುದು ಅಂತ ತೀರ್ಮಾನ ಮಾಡಿದ್ದು ಬದುಕಿ ಉಳಿದವರು.

ಮೊದಲ ಸಲ ಓದುವವರು ಪುಟದ ಕ್ರಮದಲ್ಲೇ ಓದಿ, ಹಡಗಿನ ಅಧ್ಯಾಯ ಒಂದಕ್ಕಾಗಿಯಾದರೂ. ಎರಡನೇ ಸಲಕ್ಕೆ ತಾರೀಖಿನ ಓದು. ಮೂರರಲ್ಲಿ ನನಗೆ ಜಾಸ್ತಿ ಕೊಟ್ಟದ್ದು ಅದೇ. ಆರು ತಿಂಗಳು ಹಿಡಿಯುತ್ತದೆ. ಬರೆದವರ ಪ್ರಕಾರದ ಓದಿಗೆ ಇಡೀ ಪುಸ್ತಕ ಬೇಡ, ಲೂಸಿ ಒಬ್ಬಳದನ್ನು ಹಾಗೆ ಓದಿದರೆ ಸಾಕು, ಒಂದು ಸಂಜೆಯ ಕೆಲಸ.

ನಮ್ಮ ಅತ್ತಿಗೆ ಬರುವ ಮೇ 3ಕ್ಕೆ ಶುರುಮಾಡುತ್ತಾರಂತೆ. ಚೀಟಿಗಳನ್ನು ಕೊಟ್ಟೆ. ಹಡಗಿನ ಚೀಟಿಗಳನ್ನು ಆಗಸ್ಟ್ 8ಕ್ಕೆ ಸರಿಸಿದ್ದೇನೆ. ಆ ಸುಳ್ಳು ಪತ್ರದ ಚೀಟಿ ನೋಡಿ, ‘ಇದನ್ನ ಎಲ್ಲಿ ಇಡ್ಲಿ ಮಾರಾಯ?’ ಅಂದರು. ನಾನು ಜುಲೈ 26 ಅಂದೆ. ಅವರು ಒಪ್ಪಲಿಲ್ಲ. ‘ಅವನು ಹೆದರಿಕೊಂಡು ಬರೆದ ದಿನಕ್ಕೇ ಇಡ್ತೀನಿ’ ಅಂತ ಮೇ 19ರ ಕಟ್ಟಿನೊಳಗೆ ಸೇರಿಸಿಕೊಂಡರು.