ವಿಪಿಸಿ ಪೀರಿಂಗ್ ಬಳಸಿ ನೋಡಿದ್ದು: Active ಅಂತ ತೋರಿಸುತ್ತದೆ, ಪ್ಯಾಕೆಟ್ ಮಾತ್ರ ಬರುವುದಿಲ್ಲ

ಎಡಬ್ಲ್ಯೂಎಸ್‌ನ ವಿಪಿಸಿ ಪೀರಿಂಗ್ ಅನ್ನು ನಮ್ಮ ತಂಡ ಕೆಲವು ವರ್ಷಗಳಿಂದ ಬಳಸುತ್ತಿದೆ. ಎರಡು ಖಾಸಗಿ ನೆಟ್‌ವರ್ಕ್‌ಗಳನ್ನು ಇಂಟರ್ನೆಟ್ ಮುಟ್ಟದೆ ನೇರವಾಗಿ ಜೋಡಿಸುವ ಸೌಲಭ್ಯ ಇದು. ಜೋಡಣೆಗೆ ಬಾಡಿಗೆ ಇಲ್ಲ. ಒಂದೇ ಅವೈಲಬಿಲಿಟಿ ಜೋನ್ ಒಳಗೆ ಓಡಾಡುವ ಡೇಟಾಗೂ ದುಡ್ಡಿಲ್ಲ. ವೇಗದ ಬಗ್ಗೆ ನನಗೆ ದೂರೇ ಇಲ್ಲ. ಇದನ್ನು ಬಳಸಲು ಹೊರಟವರು ತಿಳಿದಿರಬೇಕಾದ್ದು ಬೇರೆಯೇ ಇದೆ.

ಸ್ಕ್ರೀನ್ ಮೇಲೆ Active ಅಂತ ಬಂದರೆ ಆ ಕಡೆಯವರು ನಿಮ್ಮ ಕೋರಿಕೆ ಒಪ್ಪಿಕೊಂಡಿದ್ದಾರೆ ಅಂತ ಅಷ್ಟೇ ಅರ್ಥ. ರೂಟ್‌ಗಳನ್ನು ಎರಡೂ ಕಡೆ ನೀವೇ ಸೇರಿಸಬೇಕು. ಸೇರಿಸಿದರೂ ಎಷ್ಟೋ ಸಲ ಅದು ತಪ್ಪು ಟೇಬಲ್‌ನಲ್ಲಿರುತ್ತದೆ. ವಿಪಿಸಿಗೆ ಒಂದು ಮೇನ್ ರೂಟ್ ಟೇಬಲ್ ಇರುತ್ತದೆ, ಆದರೆ ಸಬ್‌ನೆಟ್‌ಗೆ ಬೇರೆ ಟೇಬಲ್ ಅಂಟಿಸಿದ್ದರೆ ಮೇನ್ ಟೇಬಲ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ಹಾಗಾಗಿ ನಾನು ಮೊದಲು ಓಡಿಸುವುದು ಇದನ್ನು:

```
aws ec2 describe-route-tables \
  --filters Name=association.subnet-id,Values=<subnet-id>
```

ಉತ್ತರ ಖಾಲಿ ಬಂದರೆ ಗಾಬರಿ ಬೇಡ. ಆ ಸಬ್‌ನೆಟ್ ಮೇನ್ ಟೇಬಲ್ ಅನ್ನೇ ಬಳಸುತ್ತಿದೆ ಅಂತ ಅರ್ಥ.

ರೂಟ್ ಕಾಣೆಯಾಗಿದ್ದರೆ ಇಷ್ಟರಲ್ಲೇ ಸಿಕ್ಕಿಬೀಳುತ್ತದೆ. ನಿಜವಾದ ತಲೆನೋವು ವಿಳಾಸಗಳು ಒಂದರ ಮೇಲೊಂದು ಬಿದ್ದಾಗ. ಜೋಡಿಸಲು ಹೊರಟ ಎರಡು ವಿಪಿಸಿಗಳ ವಿಳಾಸಗಳು ಕೊಂಚ ಒಂದಾಗಿದ್ದರೂ ಪೀರಿಂಗ್ ಆಗುವುದೇ ಇಲ್ಲ, ಅಲ್ಲೇ ತಡೆಯುತ್ತದೆ. ಡಿಫಾಲ್ಟ್ ವಿಪಿಸಿಗಳೆಲ್ಲ 172.31.0.0/16 ಆಗಿರುವುದರಿಂದ ಅವುಗಳ ನಡುವೆ ಪೀರಿಂಗ್ ಆಸೆಯನ್ನೇ ಬಿಡಿ. ಆದರೆ ಮೂರನೆಯ ವಿಪಿಸಿ ನಡುವೆ ಬಂದರೆ ಈ ಕಾವಲು ಕೆಲಸಕ್ಕೆ ಬರುವುದಿಲ್ಲ.

ನಮ್ಮಲ್ಲಿ ಆಗಿದ್ದು ಹೀಗೆ. ಎಲ್ಲರಿಗೂ ಬೇಕಾದ ಡೇಟಾಬೇಸ್ ಇರುವ ವಿಪಿಸಿ 10.10.0.0/16. ಅದನ್ನು "ನಡುಮನೆ" ಅಂತ ಕರೆಯೋಣ. ಅದಕ್ಕೆ ಹಳೆಯ ಆ್ಯಪ್‌ನ ವಿಪಿಸಿ ಜೋಡಿಸಿತ್ತು, 10.20.0.0/16. ಆಮೇಲೆ ಇನ್ನೊಂದು ತಂಡದ ವಿಪಿಸಿ ಬಂತು. ಅದೇ ಟೆಂಪ್ಲೇಟ್‌ನಿಂದ ಮಾಡಿದ್ದು, ಅದೂ 10.20.0.0/16. ಹಳೆಯದು ಮತ್ತು ಹೊಸದು ನೇರವಾಗಿ ಜೋಡಣೆಯಾಗಿಲ್ಲ, ಹಾಗಾಗಿ ನಡುಮನೆಗೆ ಎರಡೂ ಪೀರಿಂಗ್ ಸಲೀಸಾಗಿ Active ಆದವು. ಯಾವ ಎಚ್ಚರಿಕೆಯೂ ಇಲ್ಲ.

ಹೊಸ ಆ್ಯಪ್ ಡೇಟಾಬೇಸ್‌ನ 5432 ಪೋರ್ಟ್‌ಗೆ ಕರೆದರೆ ಟೈಮ್‌ಔಟ್. ಡೇಟಾಬೇಸ್ ಇರುವ ಯಂತ್ರದಲ್ಲಿ tcpdump ಹಾಕಿದರೆ ಕೋರಿಕೆ ಬಂದಿದೆ, ಉತ್ತರವೂ ಹೊರಟಿದೆ. ಹೊರಟ ಉತ್ತರವನ್ನೇ ಮತ್ತೆ ಮತ್ತೆ ಕಳಿಸುತ್ತಿದೆ. ಹೊಸ ವಿಪಿಸಿಯ ಫ್ಲೋ ಲಾಗ್‌ನಲ್ಲಿ ಮಾತ್ರ ವಾಪಸ್ ಬಂದದ್ದರ ಗುರುತೇ ಇಲ್ಲ. ಏಕೆಂದರೆ ನಡುಮನೆಯ ಟೇಬಲ್‌ನಲ್ಲಿ 10.20.0.0/16 ಗೆ ಒಂದೇ ಗುರಿ ಇರಲು ಸಾಧ್ಯ, ಅದು ಹಳೆಯ ಆ್ಯಪ್. ಪ್ಯಾಕೆಟ್ ಯಾವ ಪೀರಿಂಗ್‌ನಿಂದ ಬಂತು ಅಂತ ನೆನಪಿಟ್ಟುಕೊಂಡು ಅದೇ ದಾರಿಯಲ್ಲಿ ವಾಪಸ್ ಕಳಿಸುವ ಏರ್ಪಾಡು ಇಲ್ಲಿಲ್ಲ. ಹೊಸಬರಿಗೆ ಬರೆದ ಕಾಗದ ಹಳೆಯ ಮನೆಗೆ ಹೋಗಿ ಬೀಳುತ್ತಿತ್ತು.

ಗಮನಿಸಿ, ನಡುಮನೆಯಲ್ಲಿ ವಾಪಸ್ ರೂಟ್ ಹಾಕದೇ ಇದ್ದರೂ ಇದೇ ಲಕ್ಷಣ. ಆಗ ಉತ್ತರ 0.0.0.0/0 ಹಿಡಿದು ನ್ಯಾಟ್ ಕಡೆ ಹೋಗಿ ಕಳೆದುಹೋಗುತ್ತದೆ. tcpdump ನೋಡಿ ಎರಡನ್ನೂ ಬೇರೆ ಮಾಡಲಾಗದು, ಟೇಬಲ್ ತೆರೆದೇ ನೋಡಬೇಕು.

ಪರಿಹಾರ ಸಿಕ್ಕಿದ್ದು ರೂಟಿಂಗ್‌ನ ಮೂಲ ನಿಯಮದಲ್ಲಿ. ಹೆಚ್ಚು ನಿರ್ದಿಷ್ಟವಾದ ರೂಟ್ ಗೆಲ್ಲುತ್ತದೆ. ಹೊಸ ಆ್ಯಪ್‌ನ ಸರ್ವರ್‌ಗಳು 10.20.64.0/20 ಒಳಗೇ ಇದ್ದವು, ಹಳೆಯದು ಆ ಭಾಗ ಬಳಸುತ್ತಿರಲಿಲ್ಲ. ಹಾಗಾಗಿ ಡೇಟಾಬೇಸ್ ಸಬ್‌ನೆಟ್‌ನ ಟೇಬಲ್ ಹೀಗಾಯಿತು:

```
10.10.0.0/16     local
10.20.0.0/16     pcx-<old>
10.20.64.0/20    pcx-<new>
0.0.0.0/0        nat-<id>
```

ತಕ್ಷಣ ಸಂಪರ್ಕ ಸಿಕ್ಕಿತು. ಆದರೆ ಇದು ತೇಪೆ. ನಾಳೆ ಹಳೆಯ ವಿಪಿಸಿಯಲ್ಲಿ ಯಾರಾದರೂ ಅದೇ /20 ಒಳಗೆ ಸಬ್‌ನೆಟ್ ತೆರೆದರೆ ಅವರಿಗೆ ಡೇಟಾಬೇಸ್ ಸಿಗುವುದಿಲ್ಲ, ಕಾರಣವೂ ಗೊತ್ತಾಗುವುದಿಲ್ಲ. ಹಾಗಾಗಿ ಆ ಭಾಗವನ್ನು ನಮ್ಮ ಹಂಚಿಕೆ ಪಟ್ಟಿಯಲ್ಲಿ ಬೀಗ ಹಾಕಿಟ್ಟಿದ್ದೇವೆ. ಎರಡೂ ಕಡೆ ನಿಜಕ್ಕೂ ಒಂದೇ ಸಬ್‌ನೆಟ್ ವಿಳಾಸ ಬಳಸುತ್ತಿದ್ದರೆ ಈ ಉಪಾಯ ನಡೆಯದು. ಅಲ್ಲಿ ಪೀರಿಂಗ್ ಬಿಟ್ಟು ಪ್ರೈವೇಟ್‌ಲಿಂಕ್ ಹಿಡಿಯುವುದೇ ಸರಿ. ಅದಕ್ಕೆ ವಿಳಾಸಗಳು ಒಂದೇ ಆಗಿದ್ದರೂ ಅಡ್ಡಿ ಇಲ್ಲ. ಆದರೆ ಗಂಟೆ ಲೆಕ್ಕದಲ್ಲಿ ಬಾಡಿಗೆ ಇದೆ, ಮತ್ತು ಕರೆ ಒಂದೇ ದಿಕ್ಕಿನಿಂದ ಶುರುವಾಗಬೇಕು.

ಇನ್ನೊಂದು ಸಣ್ಣ ಕಾಟ. ಪೀರ್ ವಿಪಿಸಿ 172.17.0.0/16 ಆಗಿದ್ದು, ನಿಮ್ಮ ಯಂತ್ರದಲ್ಲಿ ಡಾಕರ್ ಇದ್ದರೆ, ರೂಟ್ ಟೇಬಲ್ ಎಷ್ಟು ಸರಿ ಇದ್ದರೂ ಪ್ಯಾಕೆಟ್ ಯಂತ್ರ ಬಿಟ್ಟು ಹೊರಗೇ ಬರುವುದಿಲ್ಲ. ಡಾಕರ್‌ನ docker0 ಸುಮ್ನೆ ಹೇಳದೆ ಕೇಳದೆ ಅದೇ ವಿಳಾಸ ಹಿಡಿದು ಕೂತಿರುತ್ತದೆ. `ip route` ಹಾಕಿದರೆ ಕಾಣುತ್ತದೆ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ, ಅದೂ ವಿಪಿಸಿಗಳು ಕಡಿಮೆ ಇರುವವರಿಗೆ. ಪೀರಿಂಗ್ ಒಂದನ್ನು ದಾಟಿ ಇನ್ನೊಂದಕ್ಕೆ ಹೋಗಲು ಬಿಡುವುದಿಲ್ಲ. ಹತ್ತು ವಿಪಿಸಿಗಳು ಪರಸ್ಪರ ಮಾತಾಡಬೇಕೆಂದರೆ 45 ಜೋಡಣೆ ಬೇಕು, ಅಷ್ಟಕ್ಕೂ ಎರಡೂ ಕಡೆ ರೂಟ್ ಬರೆಯಬೇಕು. ಅಂಥವರು ದುಡ್ಡು ಜಾಸ್ತಿಯಾದರೂ ಟ್ರಾನ್ಸಿಟ್ ಗೇಟ್‌ವೇ ನೋಡಲಿ.