ಮೂರು ಮಳೆಗಾಲ ಕಂಡ ಡಿಬಿ: ಪೆಟ್ಟಿಗೆಗೆ ನಾಲ್ಕು ನಕ್ಷತ್ರ, ಜೊತೆಗೆ ಬಂದ ಗ್ಲ್ಯಾಂಡುಗಳಿಗೆ ಎರಡು

ಫೋಂಡಾದ ನಮ್ಮ ಮನೆಯ ಹಿಂದಿನ ಗೋಡೆಗೆ, ಬಾವಿಯ ಪಕ್ಕದಲ್ಲಿ, 2022ರ ಮೇ ತಿಂಗಳಲ್ಲಿ ಈ ಡಿಸ್ಟ್ರಿಬ್ಯೂಷನ್ ಬಾಕ್ಸನ್ನು ಹಾಕಿಸಿದೆವು. ಹನ್ನೆರಡು ಮಾಡ್ಯೂಲಿನ ಪ್ಲಾಸ್ಟಿಕ್ ಪೆಟ್ಟಿಗೆ, ಪಾರದರ್ಶಕ ಬಾಗಿಲು, ಮೇಲೆ ಐಪಿ 65 ಎಂಬ ಮುದ್ರೆ. ಅಂದರೆ ಧೂಳು ಒಳಗೆ ಹೋಗಬಾರದು, ಪೈಪಿನಿಂದ ನೀರು ಚಿಮ್ಮಿಸಿದರೂ ಒಳಗೆ ಒದ್ದೆಯಾಗಬಾರದು. ಮೊದಲ ಜುಲೈಯಲ್ಲೇ ಅದರ ತಳದಲ್ಲಿ ಒಂದು ಬೆರಳು ನೀರು ನಿಂತಿತ್ತು. ಆದರೂ ಪೆಟ್ಟಿಗೆಗೆ ನಾಲ್ಕು ನಕ್ಷತ್ರ ಕೊಡುತ್ತಿದ್ದೇನೆ, ಏಕೆಂದರೆ ಅದರಲ್ಲಿ ಹೆಚ್ಚಿನ ತಪ್ಪು ನಮ್ಮದು.

ಗೋಡೆಯಿಂದಲೇ ತೊಂದರೆ ಶುರುವಾಯಿತು. ಇಲ್ಲಿಯ ಹಳೆಯ ಮನೆಗಳು ನಮ್ಮ ಅಂಕೋಲೆಯಂತೆಯೇ ಚಿರೆಕಲ್ಲಿನವು. ಮೇಲೆ ಗಾರೆ ಗಟ್ಟಿಯಾಗಿ ಕಂಡರೂ ಒಳಗೆ ಕಲ್ಲು ತೂತುತೂತಾಗಿ, ಪುಡಿಪುಡಿಯಾಗಿ ಇರುತ್ತದೆ. ವಯರಿಂಗ್ ಮಾಡಲು ಬಂದ ಬಸಣ್ಣ ಡ್ರಿಲ್ಲನ್ನು ಹ್ಯಾಮರಿಗೆ ಇಟ್ಟು ಕೊರೆದರು. ಎಂಟು ಮಿಲಿಮೀಟರಿನ ತೂತು ಹೆಬ್ಬೆರಳು ಹೋಗುವಷ್ಟಾಯಿತು. ಪ್ಲಾಸ್ಟಿಕ್ ಪ್ಲಗ್ ಸ್ಕ್ರೂವಿನ ಜೊತೆಗೇ ಗರಗರ ತಿರುಗಿತು. ಆಮೇಲೆ ತೂತುಗಳ ಪುಡಿ ಊದಿ ತೆಗೆದು, ನೀರು ಚಿಮುಕಿಸಿ, ಗಟ್ಟಿ ಸಿಮೆಂಟ್ ತುಂಬಿ ಎರಡು ದಿನ ಬಿಟ್ಟೆವು. ಬಳಿಕ ಹ್ಯಾಮರ್ ನಿಲ್ಲಿಸಿ ಬರೀ ತಿರುಗುವ ಡ್ರಿಲ್ಲಿನಿಂದ ಕೊರೆದಾಗ ಉದ್ದನೆಯ ಪ್ಲಗ್ ಕಚ್ಚಿ ಕೂತಿತು. ಪೆಟ್ಟಿಗೆಯ ಜೊತೆ ಬರುವ ಬಿಳಿ ಲೇಪದ ಸ್ಕ್ರೂಗಳನ್ನು ನಂಬಬೇಡಿ. ಇಲ್ಲಿಯ ಗಾಳಿಗೆ ಒಂದೇ ವರ್ಷದಲ್ಲಿ ತುಕ್ಕಿನ ಗೆರೆ ಗೋಡೆಯ ಮೇಲೆ ಇಳಿಯುತ್ತದೆ. ಸ್ಟೇನ್‌ಲೆಸ್ ಸ್ಕ್ರೂ ತನ್ನಿ.

ಮಟ್ಟ ನೋಡುವಾಗಲೂ ಒಂದು ಮೋಸವಿದೆ. ಬಸಣ್ಣ ಮೊದಲು ರಸಮಟ್ಟವನ್ನು ಪೆಟ್ಟಿಗೆಯ ನೆತ್ತಿಯ ಮೇಲಿಟ್ಟರು. ಒಂದು ತುದಿಗೆ ಗುಳ್ಳೆ ಓಡಿತು, ಸರಿಪಡಿಸಿದರೆ ಬಾಗಿಲು ಸೊಟ್ಟ ಕಂಡಿತು. ಇಂಥ ಪೆಟ್ಟಿಗೆಗಳನ್ನು ಅಚ್ಚಿನಿಂದ ಬಿಡಿಸಿಕೊಳ್ಳಲು ಅನುಕೂಲವಾಗಲೆಂದು ಪಕ್ಕದ ಗೋಡೆಗಳನ್ನು ಸ್ವಲ್ಪ ಓರೆಯಾಗಿ ಮಾಡಿರುತ್ತಾರೆ, ಅಂಚುಗಳೂ ದುಂಡಗಿರುತ್ತವೆ. ಹಾಗಾಗಿ ಹೊರಮೈಯನ್ನು ಅಳತೆಗೆ ಹಿಡಿಯಬಾರದು. ಒಳಗೆ ಎಂಸಿಬಿ ಕೂರಿಸುವ ಡಿನ್ ರೈಲಿದೆಯಲ್ಲ, ರಸಮಟ್ಟವನ್ನು ಅದರ ಮೇಲಿಡಬೇಕು. ಮೇಲಿನ ಒಂದು ಸ್ಕ್ರೂವನ್ನು ಸಡಿಲವಾಗಿ ಹಾಕಿ, ಪೆಟ್ಟಿಗೆಯನ್ನು ಅದರ ಮೇಲೆ ತೂಗುಬಿಟ್ಟು, ರೈಲಿನ ಗುಳ್ಳೆ ನಡುವಿಗೆ ಬಂದಾಗ ಕರ್ಣದ ಇನ್ನೊಂದು ತುದಿಯ ತೂತಿಗೆ ಗುರುತು ಹಾಕಿದರೆ ಸಾಕು.

ಆದರೆ ಸೊಟ್ಟಗಿರುವುದಕ್ಕಿಂತ ತಿರುಚಿಕೊಳ್ಳುವುದು ದೊಡ್ಡ ದೋಷ. ಸೊಟ್ಟ ಕಣ್ಣಿಗೆ ಕಾಣುತ್ತದೆ, ತಿರುಚು ಕಾಣುವುದಿಲ್ಲ. ನಮ್ಮ ಗಾರೆ ಕೆಳಗಿನ ಎಡಮೂಲೆಯಲ್ಲಿ ನಾಲ್ಕು ಮಿಲಿಮೀಟರಿನಷ್ಟು ತಗ್ಗಾಗಿತ್ತು. ನಾಲ್ಕೂ ಸ್ಕ್ರೂಗಳನ್ನು ಬಿಗಿದಾಗ ಆ ಮೂಲೆ ಗೋಡೆಯತ್ತ ಎಳೆದುಕೊಂಡು ಪೆಟ್ಟಿಗೆ ನಸುವಾಗಿ ತಿರುಚಿತು. ಬಾಗಿಲು ಮುಚ್ಚಿತು, ಚಿಲಕ ಕ್ಲಿಕ್ ಎಂದಿತು, ಎಲ್ಲವೂ ಸರಿ ಎಂದುಕೊಂಡೆವು. ಆಗ ಬಸಣ್ಣ ಬೀಡಿ ಕಟ್ಟಿನ ತೆಳು ಕಾಗದದ ಒಂದು ಪಟ್ಟಿ ಹರಿದು, ಗ್ಯಾಸ್ಕೆಟ್ಟಿನ ಮೇಲಿಟ್ಟು, ಬಾಗಿಲು ಮುಚ್ಚಿ ಎಳೆದರು. ಮೂರು ಕಡೆ ಕಾಗದ ಹರಿಯಿತೇ ಹೊರತು ಬರಲಿಲ್ಲ. ಎಡಮೂಲೆಯಲ್ಲಿ ಬೆಣ್ಣೆಯಿಂದ ಕೂದಲು ತೆಗೆದಂತೆ ಜಾರಿ ಬಂತು. "ಇಲ್ಲಿಂದ ನೀರಿಗೆ ದಾರಿ ಸರ್," ಎಂದರು. ಆ ಸ್ಕ್ರೂ ಬಿಚ್ಚಿ ಹಿಂದೆ ಎರಡು ನೈಲಾನ್ ವಾಷರ್ ಇಟ್ಟು, ನಾಲ್ಕನ್ನೂ ಕರ್ಣದ ಕ್ರಮದಲ್ಲಿ ಸ್ವಲ್ಪಸ್ವಲ್ಪವೇ ಬಿಗಿದ ಮೇಲೆ ಕಾಗದ ಎಲ್ಲ ಕಡೆಯೂ ಹಿಡಿಯಿತು. ಒಂದು ರೂಪಾಯಿಯೂ ಬೇಡದ ಈ ಪರೀಕ್ಷೆ ಸೂಚನೆಯ ಹಾಳೆಯಲ್ಲಿ ಇಲ್ಲ, ಇರಬೇಕಿತ್ತು.

ಇಷ್ಟೆಲ್ಲ ಮಾಡಿದವರು ಗ್ಲ್ಯಾಂಡಿನಲ್ಲಿ, ಅಂದರೆ ಕೇಬಲ್ ಒಳಗೆ ಬರುವ ತೂತಿನಲ್ಲಿ ಅದರ ಸುತ್ತ ರಬ್ಬರು ಬಿಗಿದು ನೀರು ತಡೆಯುವ ಬಿಡಿಭಾಗದಲ್ಲಿ, ಎಡವಿದೆವು. ಜೊತೆಗೆ ಬಂದವು 20 ಮತ್ತು 25 ಮಿಲಿಮೀಟರಿನ ಪ್ಲಾಸ್ಟಿಕ್ ಗ್ಲ್ಯಾಂಡುಗಳು. ಮನೆಯಿಂದ ಬಂದ ದುಂಡನೆಯ ಕೇಬಲ್‌ಗಳಿಗೆ ಅವು ಚೆನ್ನಾಗಿಯೇ ಹೊಂದಿದವು. ಕೇಬಲ್ಲಿನ ಹೊರಪದರ ಗ್ಲ್ಯಾಂಡಿನ ರಬ್ಬರನ್ನು ದಾಟಿ ಪೆಟ್ಟಿಗೆಯೊಳಗೆ ಒಂದು ಸೆಂಟಿಮೀಟರಾದರೂ ಬರಬೇಕು, ಸುಲಿಯುವುದೆಲ್ಲ ಅಲ್ಲಿಂದ ಮುಂದೆ. ಟೋಪಿಯನ್ನು ಕೈಯಲ್ಲಿ ಬಿಗಿದು, ಆಮೇಲೆ ಸ್ಪ್ಯಾನರಿನಿಂದ ರಬ್ಬರು ಕೇಬಲ್ಲಿನ ಸುತ್ತ ಸ್ವಲ್ಪ ಉಬ್ಬುವವರೆಗೆ ತಿರುಗಿಸಿದರೆ ಸಾಕು. ಒಂದು ಟೋಪಿಯನ್ನು ಅತಿಯಾಗಿ ಬಿಗಿದು ನಾನೇ ಒಡೆದೆ.

ಬಾವಿಯ ಸಬ್‌ಮರ್ಸಿಬಲ್ ಪಂಪಿನ ಕೇಬಲ್ ಮಾತ್ರ ಚಪ್ಪಟೆ, ಮೂರು ತಂತಿಗಳು ಪಕ್ಕಪಕ್ಕದಲ್ಲಿ ಮಲಗಿದ ಪಟ್ಟಿ. ಅದನ್ನು ಪೆಟ್ಟಿಗೆಯ ನೆತ್ತಿಯಿಂದ, 25ರ ಗ್ಲ್ಯಾಂಡಿನ ಮೂಲಕ ಇಳಿಸಿದೆವು. ಕೇಬಲ್ ಸೂರಿನ ಕಡೆಯಿಂದ ಬರುತ್ತಿದ್ದರಿಂದ ಅದೇ ಹತ್ತಿರದ ದಾರಿ ಎಂದುಕೊಂಡೆವು. ಬಿಗಿದರೆ ಅಲುಗಾಡಲಿಲ್ಲ, ಎಳೆದರೂ ಬರಲಿಲ್ಲ. ಜುಲೈಯ ಒಂದು ರಾತ್ರಿ, ಕರೆಂಟ್ ಸೋರಿದರೆ ತಾನಾಗಿ ಸಂಪರ್ಕ ಕಡಿಯುವ ಆರ್‌ಸಿಸಿಬಿ ಸ್ವಿಚ್ ಬಿದ್ದಿತು, ಎತ್ತಿದರೆ ಮತ್ತೆ ಬಿದ್ದಿತು. ಮರುದಿನ ಮೇನ್ ಆರಿಸಿ, ಟೆಸ್ಟರಿನಿಂದ ಖಚಿತ ಮಾಡಿಕೊಂಡು, ಬಸಣ್ಣ ಪಂಪಿನ ತಂತಿಗಳನ್ನು ಬೇರ್ಪಡಿಸಿದರು. ಮೇನ್ ಹಾಕಿದರೆ ಆಗಲೂ ಬಿದ್ದಿತು. ಹಾಗಾದರೆ ಪಂಪ್ ಅಲ್ಲ, ಸೋರಿಕೆ ಪೆಟ್ಟಿಗೆಯಲ್ಲೇ ಇದೆ. ಮೇನನ್ನು ಮತ್ತೆ ಆರಿಸಿ ಒಳಗೆ ಟಾರ್ಚ್ ಹಿಡಿದಾಗ ಚಪ್ಪಟೆ ಕೇಬಲ್ಲಿನ ಎರಡೂ ಮೈಗಳ ಮೇಲೆ ಹನಿಗಳು ಸಾಲಾಗಿ ಇಳಿಯುತ್ತಿದ್ದವು. ದುಂಡು ರಬ್ಬರು ಪಟ್ಟಿಯ ಎರಡು ಅಂಚುಗಳನ್ನು ಮಾತ್ರ ಗಟ್ಟಿಯಾಗಿ ಹಿಡಿದಿತ್ತು. ಚಪ್ಪಟೆ ಮೈಗಳ ಬಳಿ ಅರ್ಧಚಂದ್ರದಂಥ ಎರಡು ಸಂದಿಗಳು ಉಳಿದಿದ್ದವು. ಎಳೆದರೆ ಬಾರದ್ದೆಲ್ಲ ನೀರನ್ನು ತಡೆಯುತ್ತದೆ ಎಂದೇನಿಲ್ಲ.

ಸಿಲಿಕೋನ್ ಮೆತ್ತಿ ಮುಚ್ಚಿದೆವು. ಒಂದು ವರ್ಷ ನಿಂತಿತು, 2023ರ ಮಳೆಗೆ ಕೇಬಲ್ಲಿನಿಂದ ಸುಲಿದು ಬಂತು. ವಿನೆಗರಿನ ವಾಸನೆ ಬರುವ ಆ ಅಗ್ಗದ ಸಿಲಿಕೋನನ್ನು ತಾಮ್ರದ ತುದಿಗಳ ಹತ್ತಿರ ಹಚ್ಚಲೇಬಾರದಿತ್ತು. ಒಣಗುವಾಗ ಅದು ಬಿಡುವ ಆಮ್ಲ ತಾಮ್ರವನ್ನು ತಿನ್ನುತ್ತದೆ. ಹಸಿರು ಕಿಲುಬು ಕಟ್ಟಿದ್ದ ಎರಡು ತುದಿಗಳನ್ನು ಕತ್ತರಿಸಿ ಹೊಸದಾಗಿ ಜೋಡಿಸಬೇಕಾಯಿತು.

ಕೊನೆಗೆ ಮುಂಬೈಯಲ್ಲಿರುವ ಭಾವ ಲೋಹಾರ್ ಚಾಳದ ಅಂಗಡಿಯೊಂದರಿಂದ ಚಪ್ಪಟೆ ಸೀಳಿರುವ ರಬ್ಬರಿನ ಗ್ಲ್ಯಾಂಡ್ ತಂದುಕೊಟ್ಟರು. ಕೇಬಲ್ಲಿನ ಅಗಲ, ದಪ್ಪ ಎರಡನ್ನೂ ಅಳೆದು ಹೇಳಿದ್ದರಿಂದ ಅದು ಸರಿಯಾಗಿ ಹೊಂದಿತು. ಈ ಸಲ ಪ್ರವೇಶವನ್ನು ತಳಕ್ಕೆ ಬದಲಿಸಿದೆವು. ಕೇಬಲ್ ಸೂರಿನಿಂದ ಇಳಿದು, ಪೆಟ್ಟಿಗೆಗಿಂತ ಒಂದು ಗೇಣು ಕೆಳಗೆ ಜೋಲಾಗಿ ಬಾಗಿ, ಮತ್ತೆ ಮೇಲೆ ಬಂದು ಗ್ಲ್ಯಾಂಡಿಗೆ ಸೇರುತ್ತದೆ. ಮಳೆನೀರು ಆ ಬಾಗಿನ ತಳದಲ್ಲೇ ತೊಟ್ಟಿಕ್ಕುತ್ತದೆ. ನೆತ್ತಿಯ ಹಳೆಯ ತೂತಿಗೆ ವಾಷರ್ ಸಹಿತ ಮುಚ್ಚಳ ಬಿಗಿದೆವು. ಹೊಸ ತೂತನ್ನು ಸ್ಟೆಪ್ ಡ್ರಿಲ್ಲಿನಿಂದಲೇ ಕೊರೆಸಿದೆ. ಹಿಂದೆ ಸ್ಕ್ರೂಡ್ರೈವರಿನಿಂದ ಕುಟ್ಟಿ ತೆಗೆದ ತೂತಿನ ಅಂಚು ಹಲ್ಲುಹಲ್ಲಾಗಿದ್ದು, ಅಲ್ಲಿ ವಾಷರ್ ಸಮನಾಗಿ ಕೂರುತ್ತಿರಲಿಲ್ಲ.

2024ರ ಮಳೆಗಾಲದಲ್ಲಿ ಒಂದು ಹನಿಯೂ ಒಳಗೆ ಬರಲಿಲ್ಲ. ಬೆಳಗಿನ ಹೊತ್ತು ಬಾಗಿಲಿನ ಒಳಮೈಯಲ್ಲಿ ಮಂಜು ಕಟ್ಟುವುದುಂಟು, ಅದು ಒಳಗಿನ ಗಾಳಿಯ ತೇವ, ಬಿಸಿಲೇರಿದರೆ ಆರುತ್ತದೆ. ಬಾಗಿಲು ಹಳದಿಗೆ ತಿರುಗಿದೆ, ಬಲಗಡೆಯ ಕೀಲು ಸ್ವಲ್ಪ ಸಡಿಲ. ಪಂಪಿಗಾಗಿ ಕೊಳ್ಳುವವರು ಚಪ್ಪಟೆ ಗ್ಲ್ಯಾಂಡನ್ನು ಪೆಟ್ಟಿಗೆಯ ಜೊತೆಗೇ ಬೇರೆಯಾಗಿ ತರಿಸಿಕೊಳ್ಳಿ. ಬೀಡಿ ಕಾಗದವನ್ನು ಪ್ರತಿ ಮೇ ತಿಂಗಳಲ್ಲಿ ನಾನೇ ಎಳೆದು ನೋಡುತ್ತೇನೆ. ಬೀಡಿ ಸೇದದ ನನಗೆ ಒಂದು ಕಟ್ಟನ್ನು ಬಸಣ್ಣ ಬಿಟ್ಟು ಹೋಗಿದ್ದಾರೆ.